ನಂಗೆ, ನಮ್ಗೆ

ಬೆಳಿಗ್ಗೆ ಕಾಫಿ ಕುಡಿಯುತ್ತ ಮೇಲ್ ತೆರೆದರೆ ಮೊದಲ ವರ್ಷದ ಎಂ.ಎ. ಹುಡುಗಿಯೊಬ್ಬಳ ಮೂರು ಸಾಲು: “ನಮಸ್ಕಾರ ಮೇಡಮ್. ‘ಅಂಗಿ’ಯಲ್ಲಿರುವ ಙ, ‘ಮಂದಿ’ಯಲ್ಲಿರುವ ನ ಎರಡೂ ಒಂದೇ ಧ್ವನಿಮಾದ ಉಪಧ್ವನಿಗಳು ಅಂತ ನಿನ್ನೆ ಹೇಳಿದಿರಿ. ನನ್ನ ಕಿವಿಗೆ ಅವು ಬೇರೆಯಾಗಿಯೇ ಕೇಳುತ್ತವೆ, ಅಕ್ಷರವೂ ಬೇರೆ. ಯಾಕೆ ಒಂದು ಅಂದಿರಿ?”

ಕಾಫಿ ಆರಿತು. ಅಲೋಫೋನ್ ಪಾಠ ಮಾಡುವಾಗ ತಲೆಯಾಡಿಸುವವರೇ ಹೆಚ್ಚು. ಹೀಗೆ ಪಟ್ಟು ಹಿಡಿದು ಕೇಳುವವರು ಸಿಕ್ಕಿದರೆ ನನಗೆ ಆ ದಿನವೇ ಹಬ್ಬ.

ಅವಳ ಕಿವಿ ಸರಿಯಾಗಿಯೇ ಇದೆ. ‘ಅಂಗಿ’ ಅನ್ನಲು ಹೊರಟು ಗಕಾರ ಬರುವ ಮೊದಲೇ ನಿಲ್ಲಿಸಿ ನೋಡಿ. ನಾಲಗೆಯ ಹಿಂಭಾಗ ಮೇಲೆದ್ದು ಮೆತ್ತನೆಯ ಅಂಗುಳಕ್ಕೆ ಒತ್ತಿಕೊಂಡಿರುತ್ತದೆ, ತುದಿ ಸುಮ್ಮನೆ ಕೆಳಗೆ ಬಿದ್ದಿರುತ್ತದೆ. ‘ಮಂದಿ’ಯಲ್ಲಿ ಅದೇ ತುದಿ ಮೇಲ್ಹಲ್ಲಿನ ಹಿಂದೆ ಹೋಗಿ ಕೂರುತ್ತದೆ. ಬಾಯಲ್ಲಿ ಇವು ಎರಡೇ. ವರ್ಣಮಾಲೆ ಜೋಡಿಸಿದವರೂ ಬಾಯೊಳಗಿನ ಜಾಗ ನೋಡಿಯೇ ಐದು ವರ್ಗಕ್ಕೂ ಒಂದೊಂದು ಅನುನಾಸಿಕ ಕೊಟ್ಟರು. ಆದರೆ ಮಕ್ಕಳ ಚಿತ್ರಪುಸ್ತಕ ತೆರೆದು ನೋಡಿ. ಕಕಾರಕ್ಕೆ ಕಮಲ, ಗಕಾರಕ್ಕೆ ಗಡಿಯಾರ ಸಿಗುತ್ತದೆ. ಙಕಾರದಿಂದ ಶುರುವಾಗುವ ಕನ್ನಡ ಪದವೇ ಇಲ್ಲದ್ದರಿಂದ ಅದರ ಪಕ್ಕ ಬರೆಯಲು ಚಿತ್ರವೂ ಇಲ್ಲ.

ಧ್ವನಿಮಾ ಅನ್ನುವಾಗ ನಾವು ಕೇಳುವ ಪ್ರಶ್ನೆಯೇ ಬೇರೆ: ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪದ ಬದಲಾಗುತ್ತದೆಯೇ? ‘ಮನೆ’ಯಲ್ಲಿ ನಕಾರ ತೆಗೆದು ಣಕಾರ ಇಟ್ಟರೆ ವಾಸಕ್ಕಿದ್ದದ್ದು ಕೂರುವ ಮಣೆಯಾಗಿಬಿಡುತ್ತದೆ. ಆದ್ದರಿಂದ ನ, ಣ ಬೇರೆ ಬೇರೆ. ‘ಅಂಗಿ’ಯನ್ನು ಹಠ ಹಿಡಿದು ನಾಲಗೆ ತುದಿಯಿಂದ ‘ಅನ್‌ಗಿ’ ಅಂದರೆ? ಕೇಳಿದವರು ಈಕೆಗೇನಾಯಿತು ಎಂದು ಮುಖ ನೋಡಿಯಾರು, ಆದರೆ ತಂದುಕೊಡುವುದು ಅದೇ ಅಂಗಿಯನ್ನು. ಮುಂದೆ ಕ, ಗ ಇದ್ದರೆ ಙ, ತ, ದ ಇದ್ದರೆ ನ ಎಂದು ಮುಂದಿನ ವ್ಯಂಜನವೇ ತೀರ್ಮಾನಿಸುತ್ತದೆ. ಅದಕ್ಕೇ ಬರವಣಿಗೆಯಲ್ಲಿ ಒಂದೇ ಸೊನ್ನೆ ಹಾಕಿ ನಿಶ್ಚಿಂತರಾಗಿದ್ದೇವೆ.

ಇಷ್ಟಕ್ಕೇ ಉತ್ತರ ಮುಗಿಸಿದರೆ ಅವಳು ಮತ್ತೆ ಕೇಳಬಹುದು, ಕೇಳಬೇಕು ಕೂಡ: ಙವನ್ನು ನಕಾರದ ಮನೆಗೇ ಯಾಕೆ ಸೇರಿಸಿದಿರಿ, ಮಕಾರದ ಮನೆಗೆ ಯಾಕಾಗಬಾರದು? ಈ ಪ್ರಶ್ನೆಗೆ ಉತ್ತರ ದಿನವೂ ನಮ್ಮ ಬಾಯಲ್ಲೇ ಓಡಾಡುತ್ತಿದೆ. ‘ನನಗೆ’ ಅನ್ನುವುದನ್ನು ಬೇಗ ಹೇಳಿ. ನಡುವಿನ ಸ್ವರ ಬಿದ್ದುಹೋಗಿ ‘ನಂಗೆ’ ಆಗುತ್ತದೆ. ಗಕಾರಕ್ಕೆ ಅಂಟಿಕೊಂಡ ಕೂಡಲೇ ನಕಾರ ಙ ಆಯಿತು. ‘ನಿನಗೆ’ ಹಾಗೆಯೇ ‘ನಿಂಗೆ’. ಈಗ ‘ನಮಗೆ’ ಅನ್ನುವುದನ್ನು ಬೇಗ ಹೇಳಿ: ‘ನಮ್ಗೆ’. ತುಟಿ ಮುಚ್ಚಿಯೇ ಮುಚ್ಚುತ್ತದೆ, ಮಕಾರ ಜಾಗ ಬಿಡುವುದಿಲ್ಲ. ‘ನಂಗೆ’ ಒಬ್ಬರದು, ‘ನಮ್ಗೆ’ ಹಲವರದು. ಮ ಮತ್ತು ಙ ಎರಡೂ ಗಕಾರದ ಮುಂಚೆ ನಿಂತು ಅರ್ಥ ಬದಲಿಸುತ್ತಿರುವುದರಿಂದ ಙ ಮಕಾರದ ಉಪಧ್ವನಿಯಾಗಲಾರದು. ನಕಾರವಾದರೋ ಕಣ್ಣೆದುರೇ ಙ ಆಗುತ್ತಿದೆ. ಪಠ್ಯಪುಸ್ತಕದ ಯಾವ ಪಟ್ಟಿಗಿಂತಲೂ ಈ ಎರಡು ಪದಗಳ ಮೇಲೆ ನನಗೆ ಭರವಸೆ ಹೆಚ್ಚು.

ತೊಡಕೂ ಒಂದಿದೆ, ಮುಚ್ಚಿಡಬಾರದು. ‘ವಾಙ್ಮಯ’ದಲ್ಲಿ ಙ ಬರುವುದು ಮಕಾರದ ಮುಂಚೆ, ‘ಸನ್ಮಾನ’ದಲ್ಲಿ ಅದೇ ಜಾಗದಲ್ಲಿ ನಕಾರ ಇದೆ. ಸಂಸ್ಕೃತ ಓದಿದವರ ಉಚ್ಚಾರದಲ್ಲಿ ನಮ್ಮ ನಿಯಮ ಇಲ್ಲಿ ಸೋಲುತ್ತದೆ. ಉಳಿದ ಬಹಳ ಜನ ‘ವಾಂಗ್ಮಯ’ ಎಂದು ಒಂದು ಗಕಾರ ಸೇರಿಸಿ ಹೇಳುತ್ತಾರೆ. ಅದನ್ನು ತಪ್ಪು ಎಂದು ತಿದ್ದುವ ಮೊದಲು ಸ್ವಲ್ಪ ಕಿವಿಗೊಡಬೇಕು: ಙ ಒಂಟಿಯಾಗಿ ನಿಲ್ಲಲು ಬಿಡದ ಕನ್ನಡದ ನಾಲಗೆ ಅದಕ್ಕೊಂದು ಆಸರೆ ಕೊಟ್ಟಿದೆ.

ಪಕ್ಕದ ಮಲಯಾಳದಲ್ಲಿ ಆ ಆಸರೆ ಬೇಕಿಲ್ಲ. ನಮ್ಮ ‘ತೆಂಗಿನಕಾಯಿ’ಯಲ್ಲಿ ಙಕಾರದ ಬೆನ್ನಿಗೆ ಗಕಾರವಿದೆ. ಅವರ ‘ತೇಙ್ಙ’ದಲ್ಲಿ ಹಿಂದೆ ಇದ್ದ ಕಕಾರ ಕರಗಿ ಙಕಾರದೊಳಗೇ ಸೇರಿಹೋಗಿ, ಎರಡು ಸ್ವರಗಳ ನಡುವೆ ಬರಿಯ ಙ ಉಳಿಯಿತು. ಹಂದಿಗೆ ಅವರು ಹೇಳುವ ‘ಪನ್ನಿ’ಯಲ್ಲಿ ಅಂಥದ್ದೇ ಜಾಗದಲ್ಲಿ ನಕಾರ ಬರುತ್ತದೆ. ಯಾವುದು ಬರುತ್ತದೆಂದು ಅಕ್ಕಪಕ್ಕ ನೋಡಿ ಹೇಳುವಂತಿಲ್ಲವಾದ್ದರಿಂದ ಅಲ್ಲಿ ಅವು ಎರಡು ಧ್ವನಿಮಾಗಳು. ಬಾಯಿ ಅದೇ, ಸದ್ದು ಅದೇ, ಭಾಷೆ ಬದಲಾದರೆ ಲೆಕ್ಕ ಬದಲು.

ಇಷ್ಟನ್ನೂ ಬರೆದು ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು: “ಮೇಡಮ್, ನಾನು ಕಾಸರಗೋಡಿನವಳು. ಶಾಲೆಯಲ್ಲಿ ಕನ್ನಡ, ಅಜ್ಜಿಯ ಹತ್ತಿರ ಮಲಯಾಳ. ನಂಗೆ ಅವು ಎರಡಾಗಿ ಕೇಳಿದ್ದು ಅದಕ್ಕೇನಾ?”