ಶೇಕಡಾ 25 ಎಂದರೆ ಯಾವುದರ ಮೇಲೆ?

‘ತಮ್ಮ ಬುಕಿಂಗ್ ರದ್ದುಪಡಿಸಲಾಗಿದೆ. ನಿಯಮಾನುಸಾರ ಶೇ. 25 ಕಡಿತಗೊಳಿಸಿ ಉಳಿದ ಮುಂಗಡವನ್ನು 15 ಕೆಲಸದ ದಿನಗಳಲ್ಲಿ ಹಿಂದಿರುಗಿಸಲಾಗುವುದು.’ ಬೆಳಗಿನ ಹೊತ್ತು ಮೊಬೈಲಿಗೆ ಬಂದು ಬೀಳುವ ಕಲ್ಯಾಣ ಮಂಟಪದ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ. ಮದುವೆ ಯಾಕೆ ನಿಂತಿತು ಎಂಬ ಸಂಕಟ ಆ ಮನೆಯವರಿಗೆ ಇದ್ದೇ ಇರುತ್ತದೆ, ಅದನ್ನು ಕೆದಕುವುದು ಬೇಡ. ಛತ್ರದವರು ಒಂದಿಷ್ಟು ಹಣ ಹಿಡಿದುಕೊಳ್ಳುವುದರಲ್ಲೂ ತಪ್ಪಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಎರಡು ಸಾಲಿನ ಆ ಸಂದೇಶವನ್ನು ಎಷ್ಟು ಸಲ ಓದಿದರೂ ಕೈಗೆ ಎಷ್ಟು ರೂಪಾಯಿ ಬರುತ್ತದೆ, ಯಾವ ತಾರೀಖಿಗೆ ಬರುತ್ತದೆ ಎಂಬ ಎರಡೇ ಎರಡು ಸಂಗತಿ ತಿಳಿಯುವುದಿಲ್ಲ. ತಿಳಿಸಬೇಕಾಗಿದ್ದದ್ದು ಅವೆರಡನ್ನೇ.

ಲೆಕ್ಕ ಹಾಕಿ ನೋಡೋಣ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮರುದಿನ ಮಧ್ಯಾಹ್ನದ ಊಟದವರೆಗೆ ಮಂಟಪದ ಬಾಡಿಗೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಅರ್ಧ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟವರು ತೆರಿಗೆ ಸೇರಿಸಿ 1,18,000 ಕಟ್ಟಿರುತ್ತಾರೆ. ಶೇ. 25 ಎಂಬುದು ಮುಂಗಡದ ಮೇಲಾದರೆ ಕಡಿತ 25,000, ಅದರ ತೆರಿಗೆ 4,500. ವಾಪಸು ಬರಬೇಕಾದದ್ದು 88,500. ಅದೇ ಶೇ. 25 ಪೂರ್ತಿ ಬಾಡಿಗೆಯ ಮೇಲೆ ಎಂದು ಕಚೇರಿಯವರು ಓದಿಕೊಂಡರೆ ಕಡಿತ 50,000, ತೆರಿಗೆ 9,000. ಕೈಗೆ ಬರುವುದು 59,000. ಕಡಿತ ಮುಂಗಡದ ಮೇಲೇ ಆಗಲಿ, ಆದರೆ ಕಟ್ಟಿದ ತೆರಿಗೆ ಪೂರ್ತಿ ಹೋಯಿತು ಎಂದರೆ 75,000. ಒಂದೇ ವಾಕ್ಯಕ್ಕೆ ಮೂರು ಮೊತ್ತ. ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದೇವೆ ಎಂಬ ಮಾತು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಸೇವೆ ನಡೆಯದೆ ಹಣ ಮರಳಿಸುವಾಗ ಕೊಡಲೆಂದೇ ರೀಫಂಡ್ ವೋಚರ್ ಎಂಬ ದಾಖಲೆ ಜಿಎಸ್‌ಟಿ ನಿಯಮದಲ್ಲಿದೆ. ರದ್ದತಿಗಾಗಿ ಹಿಡಿದುಕೊಂಡ ಶುಲ್ಕಕ್ಕೆ ಮೂಲ ಸೇವೆಯ ದರದಲ್ಲೇ ತೆರಿಗೆ ಎಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳುತ್ತದೆ. ಅಂದಮೇಲೆ ಹಿಡಿದ ಹಣಕ್ಕೆ ಮಾತ್ರ ತೆರಿಗೆ, ಬಿಟ್ಟ ಹಣಕ್ಕೆ ಇಲ್ಲ. ಕ್ಲೀನಿಂಗ್‌ಗೆ, ಪಾತ್ರೆ ಒಡೆದರೆ, ಕರೆಂಟು ಹೆಚ್ಚು ಸುಟ್ಟರೆ ಎಂದು ಬೇರೆಯಾಗಿ ಪಡೆದ ಡಿಪಾಜಿಟ್ ಇದ್ದರೆ ಅದು ಈ ಲೆಕ್ಕದೊಳಗೆ ಬರಲೇಬಾರದು. ಒಲೆಯನ್ನೇ ಹಚ್ಚದ ಮನೆಯವರು ಯಾವ ಪಾತ್ರೆ ಒಡೆದಾರು?

ಇನ್ನು ಕಡಿತದ ಪ್ರಮಾಣ. ಛತ್ರದವರ ವಾದವನ್ನು ಗೌರವದಿಂದಲೇ ಕೇಳಬೇಕು. ಅವರು ಮಾರುವುದು ಕಟ್ಟಡವನ್ನಲ್ಲ, ತಾರೀಖನ್ನು. ಆಷಾಢ ಕಳೆಯಬೇಕು, ಪಿತೃಪಕ್ಷ ಕಳೆಯಬೇಕು, ಧನುರ್ಮಾಸ ಕಳೆಯಬೇಕು; ಉಳಿದ ದಿನಗಳಲ್ಲೂ ಒಳ್ಳೆಯ ಲಗ್ನ ಇರುವವು ಕೆಲವೇ. ವೈಶಾಖದ ಒಂದು ಭಾನುವಾರವನ್ನು ನಿಮಗೆ ಬರೆದುಕೊಟ್ಟ ಮೇಲೆ ಕೇಳಿಕೊಂಡು ಬಂದವರನ್ನೆಲ್ಲ ಅವರು ವಾಪಸು ಕಳಿಸಿರುತ್ತಾರೆ. ಹದಿನೈದು ದಿನ ಇರುವಾಗ ನೀವು ಬೇಡವೆಂದರೆ ಆ ದಿನ ಮಂಟಪಕ್ಕೆ ಬೀಗವೇ ಗತಿ. ಆರು ತಿಂಗಳ ಮೊದಲೇ ತಿಳಿಸಿದರೆ ಕಡಿಮೆ ಕಡಿತ, ಹತ್ತಿರ ಬಂದಷ್ಟೂ ಹೆಚ್ಚು ಎಂಬ ಏಣಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ವಾದದ ಬುಡದಲ್ಲಿರುವುದು ನಷ್ಟ. ಬಿಟ್ಟುಕೊಟ್ಟ ಅದೇ ಭಾನುವಾರಕ್ಕೆ ಇನ್ನೊಂದು ಮದುವೆ ಅದೇ ಬಾಡಿಗೆಗೆ ಬಂದು ನಿಂತರೆ ನಷ್ಟ ಎಲ್ಲಿ ಉಳಿಯಿತು? ರಸೀದಿ ಬರೆದ, ಫೋನು ಮಾಡಿದ ಸಣ್ಣ ಖರ್ಚನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುವುದೇ ನ್ಯಾಯ. ಒಂದೇ ದಿನಕ್ಕೆ ಒಂದೂಕಾಲು ಬಾಡಿಗೆ ಪಡೆಯುವುದು ಪರಿಹಾರವಲ್ಲ, ಆದಾಯ.

ಇದು ಬರಿಯ ಸದಾಶಯವಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಕರಾರಿನಲ್ಲಿ ಬರೆದ ದಂಡವನ್ನು ಗರಿಷ್ಠ ಮಿತಿ ಎಂದಷ್ಟೇ ನೋಡುತ್ತದೆ. ಆ ಮಿತಿಯೊಳಗೆ ಸಮಂಜಸವಾದ ಪರಿಹಾರ ಮಾತ್ರ ಸಿಗಬೇಕು. 2015ರಲ್ಲಿ ಕೈಲಾಶ್ ನಾಥ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರ ಹರಾಜಿನಲ್ಲಿ 3.12 ಕೋಟಿಗೆ ಕೂಗಿದವರಿಂದ 78 ಲಕ್ಷ ಮುಂಗಡ ಪಡೆದು, ಆಮೇಲೆ ಅದನ್ನು ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು 1994ರಲ್ಲಿ 11.78 ಕೋಟಿಗೆ ಮಾರಿತ್ತು. ನಷ್ಟವೇ ಇಲ್ಲದಲ್ಲಿ ಮುಟ್ಟುಗೋಲಿಗೆ ಆಧಾರವಿಲ್ಲ ಎಂದು ನ್ಯಾಯಾಲಯ ಹಣ ಮರಳಿಸಲು ಹೇಳಿತು. ಆ ಪ್ರಕರಣದಲ್ಲಿ ಕೊಳ್ಳುವವರು ಮಾತಿಗೆ ತಪ್ಪಿರಲಿಲ್ಲ, ಮದುವೆ ರದ್ದು ಮಾಡಿದವರು ತಪ್ಪಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜವೇ, ಅಷ್ಟರ ಮಟ್ಟಿಗೆ ಛತ್ರದವರ ಕೈ ಮೇಲು. ಆದರೂ ಮಾತಿಗೆ ತಪ್ಪಿದವರಿಂದಲೂ ಪರಿಹಾರ ಪಡೆಯಲು ನಷ್ಟ ಆಗಿರಬೇಕು ಎಂಬ ಮೂಲತತ್ವ ಅಳಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನಷ್ಟಕ್ಕೆ ತಾಳೆಯೇ ಇಲ್ಲದ ದಂಡವನ್ನು ಅನ್ಯಾಯದ ಕರಾರು ಎಂದು ಕರೆಯುತ್ತದೆ. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ‘ಮುಂಗಡ ಯಾವ ಕಾರಣಕ್ಕೂ ವಾಪಸು ಇಲ್ಲ’ ಎಂದು ಅಚ್ಚಾಗಿದ್ದರೂ ಅದೇ ಕೊನೆಯ ಮಾತಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಆ ಷರತ್ತೇ ಅನ್ಯಾಯದ್ದು ಎಂದು ರದ್ದುಪಡಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ಆ ದೂರು ಒಯ್ಯಬೇಕಾದದ್ದು ರಾಜ್ಯ ಆಯೋಗಕ್ಕೆ.

ಮರು ಬುಕಿಂಗ್ ಆಯಿತೋ ಇಲ್ಲವೋ ತಿಳಿಯುವುದು ಹೇಗೆ ಎಂದು ಅನೇಕರು ಕೈಚೆಲ್ಲುತ್ತಾರೆ. ಆ ದಿನ ಬೆಳಿಗ್ಗೆ ಪರಿಚಯದವರೊಬ್ಬರು ಆ ಬೀದಿಯಲ್ಲಿ ಹಾದು ಹೋದರೆ ಸಾಕು. ಬಾಗಿಲಲ್ಲಿ ಬಾಳೆಕಂಬ ಕಟ್ಟಿ, ವಧೂವರರ ಹೆಸರಿನ ಬೋರ್ಡು ನಿಲ್ಲಿಸದೆ ನಮ್ಮಲ್ಲಿ ಯಾವ ಮದುವೆ ನಡೆಯುತ್ತದೆ? ತಾರೀಖು ಕಾಣುವಂತೆ ತೆಗೆದ ಒಂದು ಫೋಟೊ ಒಳ್ಳೆಯ ಸಾಕ್ಷಿ.

ಕೊನೆಗೆ ಆ ‘15 ಕೆಲಸದ ದಿನ’. ಯಾವತ್ತಿನಿಂದ ಹದಿನೈದು? ಮನೆಯವರು ಫೋನು ಮಾಡಿದ ದಿನದಿಂದಲೋ, ಪತ್ರ ಕೊಟ್ಟ ದಿನದಿಂದಲೋ, ಟ್ರಸ್ಟಿನ ಕಮಿಟಿ ಸೇರಿ ಒಪ್ಪಿದ ದಿನದಿಂದಲೋ? ಕಮಿಟಿ ತಿಂಗಳಿಗೊಮ್ಮೆ ಸೇರುವುದಾದರೆ ಹದಿನೈದು ಎಂಬುದು ಸಲೀಸಾಗಿ ಐವತ್ತಾಗುತ್ತದೆ. ಮದುವೆಯ ಛತ್ರ ಕೆಲಸ ಮಾಡುವುದೇ ಭಾನುವಾರ ಮತ್ತು ರಜೆಯ ದಿನ. ಅದು ತನ್ನ ‘ಕೆಲಸದ ದಿನ’ಗಳಿಂದ ಭಾನುವಾರವನ್ನು ಕಳೆಯುವುದು ನನಗೆ ಸರಿಕಾಣುವುದಿಲ್ಲ. ಚೆಕ್ಕಿಗೆ ಇಬ್ಬರ ಸಹಿ ಬೇಕು, ಮೂಲ ರಸೀದಿ ಬರಬೇಕು, ರಸೀದಿ ಅಪ್ಪನ ಹೆಸರಿನಲ್ಲಿದ್ದು ಹಣ ಮಗನ ಖಾತೆಯಿಂದ ಬಂದಿದ್ದರೆ ಒಪ್ಪಿಗೆ ಪತ್ರ ಬೇಕು ಎಂಬ ತೊಡಕುಗಳು ನಿಜವಾದವು. ಹಾಗಿದ್ದರೆ ಬೇಕಾದ ಕಾಗದಗಳನ್ನು ಮೊದಲ ದಿನವೇ ಕೇಳಲಿ, ಮೂವತ್ತು ದಿನವನ್ನೇ ತೆಗೆದುಕೊಳ್ಳಲಿ, ಆದರೆ ತಾರೀಖು ಬರೆಯಲಿ. ‘ನಿಮ್ಮ ರದ್ದತಿ ಪತ್ರ ಮಾರ್ಚ್ 3ರಂದು ತಲುಪಿದೆ. 1,18,000ರಲ್ಲಿ 29,500 ಕಳೆದು 88,500 ರೂಪಾಯಿಯನ್ನು ಏಪ್ರಿಲ್ 2ರೊಳಗೆ ನಿಮ್ಮ ಖಾತೆಗೆ ಹಾಕುತ್ತೇವೆ. ಅದೇ ದಿನಕ್ಕೆ ಬೇರೆ ಬುಕಿಂಗ್ ಬಂದರೆ ಕಡಿತದ ಹಣವನ್ನೂ ಮರಳಿಸುತ್ತೇವೆ.’ ಇಷ್ಟು ಬರೆಯಲು ಮೊದಲಿನದಕ್ಕಿಂತ ಒಂದೇ ಸಾಲು ಹೆಚ್ಚು ಬೇಕು.

ಇಂಥ ಸಂದೇಶ ಬರುವವರೆಗೆ ಕಾಯುವವರು ಫೋನಿನ ಮಾತನ್ನು ನಂಬಿ ಕೂರಬಾರದು. ರದ್ದತಿಯನ್ನು ಬರವಣಿಗೆಯಲ್ಲೇ ಕೊಟ್ಟು, ನಕಲಿನ ಮೇಲೆ ತಾರೀಖು ಸಹಿತ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಮೂಲ ರಸೀದಿ ಒಪ್ಪಿಸುವ ಮೊದಲು ಅದರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹೇಳಿದ ದಿನ ಕಳೆದರೂ ಹಣ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.