ಕೊನೆಯ ತಂಡಕ್ಕೆ ಎಷ್ಟು ಚಾನ್ಸು?

ಐಪಿಎಲ್ ಶುರುವಾಗುವ ವಾರ ಮಡಿವಾಳದ ಪಿಜಿಗಳಲ್ಲಿ ಒಂದೇ ಮಾತು: ಕಪ್ ಯಾರಿಗೆ? ನಾನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವುದು ಗೊತ್ತಿರುವ ಪಕ್ಕದ ರೂಮಿನ ಹುಡುಗರು, "ಅಣ್ಣಾ, ನೂರಕ್ಕೆ ಎಷ್ಟು ಚಾನ್ಸು ಹೇಳಿ" ಅನ್ನುತ್ತಾರೆ. ಬೆಟ್ಟಿಂಗ್ ದರದಲ್ಲೇ ಉತ್ತರವಿದೆ ಎಂಬುದು ಅವರ ನಂಬಿಕೆ. ಇದೆ, ಆದರೆ ಸ್ವಲ್ಪ ಸೊಟ್ಟಗಿದೆ.

ಲೆಕ್ಕಕ್ಕೊಂದು ಕಾಲ್ಪನಿಕ ಪಟ್ಟಿ ಇಟ್ಟುಕೊಳ್ಳೋಣ. ಒಂದು ರೂಪಾಯಿ ಕಟ್ಟಿ ಗೆದ್ದರೆ ಹತ್ತು ತಂಡಗಳ ಮೇಲೆ ಕೈಗೆ ಬರುವುದು ಕ್ರಮವಾಗಿ 2.5, 4, 5, 8, 10, 20, 25, 50, 100, 100 ರೂಪಾಯಿ. ಒಂದನ್ನು ದರದಿಂದ ಭಾಗಿಸಿದರೆ ಸಂಭವನೀಯತೆ: ಮೊದಲ ತಂಡಕ್ಕೆ 40%, ಕೊನೆಯದಕ್ಕೆ 1%. ಎಲ್ಲವನ್ನೂ ಕೂಡಿದರೆ 120.5%. ನೂರರ ಮೇಲಿನ 20.5 ಬುಕ್ಕಿಯ ಪಾಲು. ಅದನ್ನು ತೆಗೆಯುವುದು ಹೇಗೆ?

ಸುಲಭದ ದಾರಿ, ಎಲ್ಲವನ್ನೂ 1.205ರಿಂದ ಭಾಗಿಸುವುದು. ಆಗ ಮೊದಲ ತಂಡಕ್ಕೆ 33.2%, ಕೊನೆಯದಕ್ಕೆ 0.83%. ಇದು ಬುಕ್ಕಿ ಎಲ್ಲರಿಂದಲೂ ಒಂದೇ ಪ್ರಮಾಣದಲ್ಲಿ ಕಿತ್ತುಕೊಂಡಿದ್ದಾನೆ ಎಂದು ಊಹಿಸುತ್ತದೆ. ಅನುಭವ ಹಾಗಿಲ್ಲ. ಅಮೆರಿಕದ ಕುದುರೆ ರೇಸುಗಳ ದರಗಳನ್ನು ನೋಡಿ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲೇ ತೋರಿಸಿದ್ದು: ಜನ ಗೆಲ್ಲದ ಕುದುರೆಗೆ ಅದರ ಯೋಗ್ಯತೆಗಿಂತ ಹೆಚ್ಚು ಕೊಡುತ್ತಾರೆ, ಫೇವರಿಟ್‌ಗೆ ಕಡಿಮೆ. ನೂರು ಪಟ್ಟಿನ ಆಸೆ ಲಾಟರಿಯ ಆಸೆಯೇ. ಬುಕ್ಕಿಗೂ ಒಂದು ಭಯವಿದೆ: ದೊಡ್ಡ ದರದಲ್ಲಿ ಸಣ್ಣ ತಪ್ಪಾದರೂ ದೊಡ್ಡ ಪೆಟ್ಟು. ಹಾಗಾಗಿ ಅಲ್ಲೇ ಹೆಚ್ಚು ಅಂಚು ಇಟ್ಟುಕೊಳ್ಳುತ್ತಾನೆ.

ಘಾತ ವಿಧಾನ ಇದನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ. ಪ್ರತಿ ಸಂಭವನೀಯತೆಯನ್ನೂ ಒಂದೇ ಘಾತ k ಗೆ ಏರಿಸಿ, ಮೊತ್ತ ಸರಿಯಾಗಿ ನೂರಾಗುವ k ಹುಡುಕಬೇಕು. ನಮ್ಮ ಪಟ್ಟಿಯಲ್ಲಿ k 1.1 ಆದರೆ ಮೊತ್ತ 102.6%, 1.15 ಆದರೆ 94.9%. ನಡುವೆ ಹುಡುಕುತ್ತಾ ಹೋದರೆ ಸುಮಾರು 1.116ರಲ್ಲಿ ನೂರು. ಈಗ ಮೊದಲ ತಂಡಕ್ಕೆ 36%, ಕೊನೆಯದಕ್ಕೆ 0.59%. ಸಣ್ಣ ಸಂಖ್ಯೆಯನ್ನು ಘಾತ ಹೆಚ್ಚು ಕುಗ್ಗಿಸುತ್ತದೆ, ಗುಟ್ಟು ಇಷ್ಟೇ. ನೂರರ ದರದ ಆ ತಂಡಕ್ಕೆ ನ್ಯಾಯವಾದ ದರ, ಮೊದಲ ಲೆಕ್ಕದಲ್ಲಿ 120, ಇದರಲ್ಲಿ 170.

ಆದರೆ k ಒಂದೇ ಒಂದು ಸಂಖ್ಯೆ. ಅದು ದರವನ್ನು ನೋಡುತ್ತದೆ, ತಂಡವನ್ನಲ್ಲ. "ಈ ಸಲ ಕಪ್ ನಮ್ದೇ" ಎಂದು ಅಭಿಮಾನಿಗಳು ಪ್ರೀತಿಗೆ ಹಣ ಸುರಿದು ಆರ್‌ಸಿಬಿಯ ದರ ಇಳಿದಿದ್ದರೆ, ಘಾತ ಅದನ್ನು ನಿಜವಾದ ಬಲವೆಂದೇ ಓದಿ ಇನ್ನಷ್ಟು ಎತ್ತುತ್ತದೆ. 2025ರಲ್ಲಿ, 18ನೇ ಸೀಸನ್ನಿನಲ್ಲಿ, ಆರ್‌ಸಿಬಿ ಗೆದ್ದದ್ದು ಯಾವ ವಿಧಾನವನ್ನೂ ಸರಿಯೆಂದೋ ತಪ್ಪೆಂದೋ ಸಾಬೀತು ಮಾಡುವುದಿಲ್ಲ. ವರ್ಷಕ್ಕೊಬ್ಬನೇ ವಿಜೇತ, 0.83 ಮತ್ತು 0.59ರ ನಡುವಿನ ವ್ಯತ್ಯಾಸ ಕಾಣಬೇಕಾದರೆ ಸಾವಿರಾರು ದುರ್ಬಲ ಸ್ಪರ್ಧಿಗಳ ಫಲಿತಾಂಶ ಬೇಕು. ಕುದುರೆ ರೇಸು ಅದನ್ನು ಕೊಡುತ್ತದೆ, ಐಪಿಎಲ್ ನಮ್ಮ ಜೀವಮಾನದಲ್ಲಿ ಕೊಡಲಾರದು.

ಹುಡುಗರಿಗೆ ನಾನು ಹೇಳುವುದು ಇಷ್ಟು: ಕೊನೆಯ ತಂಡದ ಮೇಲೆ ನೂರು ರೂಪಾಯಿ ಕಟ್ಟಿದರೆ, ಈ ಲೆಕ್ಕದ ಪ್ರಕಾರ ಸರಾಸರಿ ವಾಪಸು ಬರುವುದು 59. ಮೊದಲ ತಂಡದ ಮೇಲೆ 90. ಎರಡರಲ್ಲೂ ನಷ್ಟವೇ.