ಡ್ರಮ್ಮಿನ ನೀರು ಮತ್ತು ಎರಡು ಪತ್ರಗಳು

ನಾನು ಇದೇ ಕಾಲೇಜಿನಲ್ಲಿ ಪಿಯುಸಿ ಓದಿ, ಈಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕಳೆದ ತಿಂಗಳು ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಫೋನ್ ಮಾಡಿ, "ನಮ್ಮ ಮಕ್ಕಳೂ ಈಗ ಹ್ಯಾಕಥಾನ್‌ಗೆ ಹೋಗ್ತಿದ್ದಾರೆ. ಅಲ್ಲಿ ಕಂಪನಿಯವರು ಸಿಕ್ಕಿದರೆ ಆಮೇಲೆ ಅವರಿಗೆ ಹೇಗೆ ಬರೆಯಬೇಕು ಅಂತ ನೀನು ಬರೆದು ಕೊಡು" ಎಂದರು. ಹೇಗೆ ಬರೆಯಬೇಕು ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ಹೇಗೆ ಬರೆಯಬಾರದು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಹಾಗೆ ಬರೆದು ಕಳಿಸಿದವಳು ನಾನೇ.

ಎರಡನೇ ವರ್ಷದಲ್ಲಿದ್ದಾಗ ನಾವು ನಾಲ್ವರು ಹುಡುಗಿಯರು ಒಂದು ಹ್ಯಾಕಥಾನ್‌ಗೆ ಹೋಗಿದ್ದೆವು. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಬೆಳಿಗ್ಗೆವರೆಗೆ, 24 ಗಂಟೆ. ನಮ್ಮ ಹಾಸ್ಟೆಲಿನ ಮೇಲಿನ ಟ್ಯಾಂಕು ವಾರಕ್ಕೆರಡು ಸಲವಾದರೂ ತುಂಬಿ ಚೆಲ್ಲುತ್ತಿತ್ತು. ಟ್ಯಾಂಕು ತುಂಬುತ್ತಿದ್ದಂತೆ ವಾರ್ಡನ್ ಮೇಡಂ ಅವರ ಫೋನಿಗೆ ತಿಳಿಸುವ ಒಂದು ಸಾಧನ ಮಾಡೋಣ ಎಂದುಕೊಂಡೆವು. ಮುಚ್ಚಳಕ್ಕೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಅಂಟಿಸಿದರೆ ಅದು ಕೆಳಕ್ಕೆ ನಮಗೆ ಕೇಳಿಸದ ಸದ್ದನ್ನು ಬಿಡುತ್ತದೆ. ಸದ್ದು ನೀರಿಗೆ ತಾಗಿ ಹಿಂದಿರುಗಲು ಎಷ್ಟು ಹೊತ್ತಾಯಿತು ಎಂಬುದರಿಂದ ನೀರು ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕಬಹುದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹೋಗಿ ಬಂದ ದೂರದ ಅರ್ಧವೇ ನಮಗೆ ಬೇಕಾದ ದೂರ.

ಕೆಲಸ ಹಂಚಿಕೊಂಡಿದ್ದೆವು. ಲೆಕ್ಕದ ಕೋಡ್ ಮತ್ತು ಫೋನಿನಲ್ಲಿ ಕಾಣುವ ಪುಟ ನನ್ನದು. ಸೆನ್ಸರನ್ನು ESP32 ಬೋರ್ಡಿಗೆ ಜೋಡಿಸುವ ಸರ್ಕ್ಯೂಟ್ ಎಲೆಕ್ಟ್ರಾನಿಕ್ಸ್ ಓದುವ ನನ್ನ ಗೆಳತಿಯದು. ಉಳಿದಿಬ್ಬರು ಡಬ್ಬಿ, ಪೋಸ್ಟರ್, ಮಾತು ನೋಡಿಕೊಂಡರು. ಟೇಬಲ್ ಪಕ್ಕದಲ್ಲಿ ಟ್ಯಾಂಕಿನ ಬದಲು ಒಂದು ನೀಲಿ ಡ್ರಮ್ ಇಟ್ಟಿದ್ದೆವು.

ಭಾನುವಾರ ಒಂದು ಕಂಪನಿಯಿಂದ ಬಂದಿದ್ದ ರಿಕ್ರೂಟರ್ ಮೇಡಂ ನಮ್ಮ ಟೇಬಲ್ ಹತ್ತಿರ ನಿಂತರು. ನೀರು ನಿಂತಿದ್ದಾಗ ಪರದೆಯ ಮೇಲೆ 42 ಸೆಂಟಿಮೀಟರ್ ಸರಿಯಾಗಿ ಬರುತ್ತಿತ್ತು. ಅವರು ತಾವೇ ಒಂದು ಮಗ್ ನೀರು ಸುರಿದರು. ಅಂಕಿ 51ಕ್ಕೆ ಹಾರಿತು. ನೀರು ಹಾಕಿದರೆ ಮಟ್ಟ ಮೇಲೆ ಬರಬೇಕು, ದೂರ ಕಡಿಮೆಯಾಗಬೇಕು. ನಮ್ಮದು ಉಲ್ಟಾ ತೋರಿಸಿತು. "ನಿಜವಾದ ಟ್ಯಾಂಕಿನಲ್ಲಿ ಪೈಪಿನಿಂದ ನೀರು ಬೀಳ್ತಾನೇ ಇರುತ್ತಲ್ಲ, ಆಗ ಏನು ಮಾಡ್ತೀರಿ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ನಕ್ಕು, "ಇಂಟರ್ನ್‌ಶಿಪ್ ಬೇಕಿದ್ದರೆ ಬರೆಯಿರಿ" ಎಂದು ಕಾರ್ಡ್ ಕೊಟ್ಟು ಹೋದರು.

ಅಂದೇ ರಾತ್ರಿ ಹಾಸ್ಟೆಲಿನಲ್ಲಿ ಕೂತು ನಾನೊಬ್ಬಳೇ ಮೇಲ್ ಬರೆದೆ. ಒಂದೂವರೆ ಪುಟ. "ಮಾನ್ಯ ಮೇಡಂ, ತಮ್ಮಂಥವರನ್ನು ಭೇಟಿಯಾದದ್ದು ನನ್ನ ಭಾಗ್ಯ" ಎಂದು ಶುರು. ಮುಂದೆ "ನಾನು ನೀರಿನ ಉಳಿತಾಯಕ್ಕಾಗಿ ಒಂದು ಸ್ಮಾರ್ಟ್ ಪರಿಹಾರವನ್ನು ರೂಪಿಸಿ ತಯಾರಿಸಿದ್ದೇನೆ" ಎಂಬ ಸಾಲು. ಹಾರಿದ ಅಂಕಿಯ ಮಾತು ಅದರಲ್ಲಿ ಇರಲಿಲ್ಲ. ನಾಲ್ವರ ಮಾತೂ ಇರಲಿಲ್ಲ. ಸರ್ಕ್ಯೂಟಿನ ಒಂದು ಫೋಟೋ, ಕೋಡಿನ ಲಿಂಕ್, ಬಯೋಡೇಟಾ ಸೇರಿಸಿ ಕಳಿಸಿಬಿಟ್ಟೆ.

ಬುಧವಾರ ಉತ್ತರ ಬಂತು. ಮೂರೇ ಸಾಲು. "ಅಂದು ತುಂಬಾ ತಂಡಗಳನ್ನು ನೋಡಿದೆ. ಡ್ರಮ್ ಇಟ್ಟಿದ್ದವರು ನೀವೇನಾ? ನಿಮ್ಮ ಮೇಲನ್ನು ನಮ್ಮ ಇಂಜಿನಿಯರ್ ಒಬ್ಬರಿಗೆ ಕಳಿಸಿದೆ. ಲಿಂಕ್ ತೆರೆಯುತ್ತಿಲ್ಲವಂತೆ, ಮತ್ತು ಫೋಟೋದಲ್ಲಿ ಸೆನ್ಸರಿನ ತಂತಿಗೆ ಎರಡು ರೆಸಿಸ್ಟರ್ ಯಾಕೆ ಹಾಕಿದ್ದೀರಿ, ಆ ಬೆಲೆಗಳನ್ನು ಹೇಗೆ ಆರಿಸಿದಿರಿ ಎಂದು ಕೇಳುತ್ತಿದ್ದಾರೆ."

ಆ ಮೂರು ಸಾಲಿನಲ್ಲಿ ನನ್ನ ಮೇಲಿನ ಎಲ್ಲ ತಪ್ಪೂ ಇತ್ತು. ಒಂದೂವರೆ ಪುಟ ಬರೆದರೂ ನಾನು ಯಾರೆಂದು ಅವರಿಗೆ ನೆನಪಾಗಲಿಲ್ಲ. ಅವರ ನೆನಪಿನಲ್ಲಿ ಉಳಿದಿದ್ದು ಡ್ರಮ್ಮು. ನಾನು ಅದನ್ನೇ ಬರೆದಿರಲಿಲ್ಲ. ಲಿಂಕ್ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿತ್ತು, ಏಕೆಂದರೆ ನಾನು ಲಾಗಿನ್ ಆಗಿದ್ದೆ. GitHubನಲ್ಲಿ ಪ್ರೈವೇಟ್ ಇಟ್ಟಿದ್ದನ್ನು ಬೇರೆಯವರು ತೆರೆದರೆ ಅವರಿಗೆ ಕಾಣುವುದು `404` ಮಾತ್ರ. ಇನ್ನು, ಮೇಲನ್ನು ಓದುವುದು ರಿಕ್ರೂಟರ್ ಒಬ್ಬರೇ ಅಲ್ಲ, ಅವರು ಅದನ್ನು ನಮ್ಮ ಟೇಬಲ್ಲನ್ನು ನೋಡಿಯೇ ಇರದ ಇಂಜಿನಿಯರಿಗೆ ದಾಟಿಸುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಆ ಇಂಜಿನಿಯರ್ "ನಾನು ತಯಾರಿಸಿದ್ದೇನೆ" ಎಂಬ ಮಾತನ್ನು ನಂಬಿ, ತಯಾರಿಸಿದವಳನ್ನು ಕೇಳಬೇಕಾದದ್ದನ್ನು ಕೇಳಿದ್ದರು.

ಗೆಳತಿಗೆ ಫೋನ್ ಮಾಡಿದೆ. ಅವಳು ಕೂಡಲೇ ಹೇಳಿದಳು: "ಸೆನ್ಸರ್ 5 ವೋಲ್ಟಿನದು. ಅದರ echo ಪಿನ್ನಿಂದಲೂ 5 ವೋಲ್ಟೇ ಬರುತ್ತೆ. ESP32ದ ಪಿನ್ 3.3 ವೋಲ್ಟಿನದು, ಸುಟ್ಟು ಹೋಗಬಹುದು. ಅದಕ್ಕೇ 1 ಕಿಲೋ ಓಮ್, 2 ಕಿಲೋ ಓಮ್ ಹಾಕಿ ಹಂಚಿದೆ. ಐದರಲ್ಲಿ ಮೂರನೇ ಎರಡು ಭಾಗ ಅಂದರೆ 3.33. ಯಾಕೆ ಕೇಳ್ತಿದ್ದೀಯ?"

"ಸುಮ್ನೆ" ಎಂದೆ.

ಉತ್ತರ ಕೈಯಲ್ಲಿತ್ತು. ಅದನ್ನು ನನ್ನದೆಂದು ಬರೆದು ಕಳಿಸಬಹುದಿತ್ತು. ಟೈಪ್ ಕೂಡ ಮಾಡಿದ್ದೆ. ಕಳಿಸದೆ ಶುಕ್ರವಾರ ಊರಿಗೆ ಹೋದೆ. ನಮ್ಮ ಅಬ್ಬಾರದು ಮೋಟಾರ್ ರಿವೈಂಡಿಂಗ್ ಅಂಗಡಿ. ಅಂದು ಸಂಜೆ ಒಬ್ಬ ರೈತರು ಪಂಪಿನ ಮೋಟಾರ್ ತೆಗೆದುಕೊಂಡು ಹೋಗಲು ಬಂದಿದ್ದರು. "ನೀವೇ ಕಟ್ಟಿದ್ದಾ ಭಾಯಿ?" ಎಂದರು. ಅಬ್ಬಾ ಮೂಲೆಯಲ್ಲಿ ಕೂತಿದ್ದ ಹುಡುಗನನ್ನು ತೋರಿಸಿ, "ಇಲ್ಲ, ಇವನು ಕಟ್ಟಿದ್ದು. ನಾನು ನೋಡಿದ್ದೇನೆ, ಚೆನ್ನಾಗಿದೆ" ಎಂದರು. ಅವರು ಹೋದ ಮೇಲೆ ನಾನು, "ನೀವೇ ಅಂದಿದ್ದರೆ ಅವರಿಗೆ ಇನ್ನೂ ಧೈರ್ಯ ಬರ್ತಿತ್ತಲ್ಲ ಅಬ್ಬಾ" ಎಂದೆ. "ನಾಳೆ ಸುಟ್ಕೊಂಡು ಬಂದರೆ ಎಷ್ಟು ಸುತ್ತು, ಯಾವ ಗೇಜಿನ ತಂತಿ ಅಂತ ನನ್ನನ್ನು ಕೇಳ್ತಾರೆ. ನಾನೇನು ಹೇಳಲಿ? ಸುತ್ತಿದವನಿಗೆ ಗೊತ್ತಿರುತ್ತೆ" ಎಂದರು. ಅವರಿಗೆ ನನ್ನ ಮೇಲಿನ ವಿಷಯ ಏನೂ ಗೊತ್ತಿರಲಿಲ್ಲ.

ಸೋಮವಾರ ಹಾಸ್ಟೆಲಿಗೆ ಬಂದು ಗೆಳತಿಗೆ ಎರಡೂ ಮೇಲ್ ತೋರಿಸಿದೆ. ಅವಳು ಓದಿ, "ನನ್ನ ಹೆಸರೇ ಇಲ್ವಲ್ಲೇ" ಎಂದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು. ಎರಡು ದಿನ ಅವಳು ಸರಿಯಾಗಿ ಮಾತಾಡಲಿಲ್ಲ.

ಆ ಎರಡು ದಿನ ನಾನು ನನ್ನ ಪಾಲಿನ ಕೆಲಸಕ್ಕೆ ಕೂತೆ. ಅಂಕಿ ಹಾರಿದ್ದು ಯಾಕೆಂದು ಈಗಲಾದರೂ ತಿಳಿಯಬೇಕಿತ್ತು. ಡ್ರಮ್ಮಿಗೆ ನೀರು ಸುರಿಯುತ್ತಾ ಸೆನ್ಸರಿನ ಒಂದೊಂದೇ ಅಳತೆ ಬರೆದುಕೊಂಡೆ: 42, 41, 88, 42, 43. ನೀರಿನಲ್ಲಿ ಅಲೆ ಎದ್ದಾಗ ಒಂದು ಸದ್ದು ನೇರ ವಾಪಸಾಗದೆ ಡ್ರಮ್ಮಿನ ಗೋಡೆಗೆ ಬಡಿದು ತಡವಾಗಿ ಬರುತ್ತದೆ. ಅದೇ ಆ 88. ನಾನು ಐದು ಅಳತೆಯ ಸರಾಸರಿ ತೆಗೆಯುತ್ತಿದ್ದೆ. ಒಂದು ಕೆಟ್ಟ ಅಂಕಿ ಸೇರಿ ಸರಾಸರಿ 51.2 ಆಗುತ್ತಿತ್ತು. ಸರಾಸರಿ ಬಿಟ್ಟು, ಐದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 42. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಮಧ್ಯಾಂಕವೇ ಇದು. ಕೋಡಿನಲ್ಲಿ ಬದಲಾಗಿದ್ದು ಎರಡೇ ಸಾಲು:

```
std::sort(r, r + 5);
d = r[2];
```

ಐದರಲ್ಲಿ ಮೂರು ಅಳತೆ ಕೆಟ್ಟರೆ ಇದೂ ಕೆಡುತ್ತದೆ. ಸೆನ್ಸರಿನ ನೇರಕ್ಕೇ ನೀರು ಸುರಿದರೆ ಹಾಗೆ ಆಗುವುದನ್ನೂ ನೋಡಿದೆ.

ಆಮೇಲೆ ಇಬ್ಬರೂ ಕೂತು ಎರಡನೇ ಮೇಲ್ ಬರೆದೆವು. ವಿಷಯದ ಸಾಲಿನಲ್ಲಿ "ಭಾನುವಾರದ ನೀಲಿ ಡ್ರಮ್: ನೀವು ಕೇಳಿದ ಪ್ರಶ್ನೆಗೆ ಉತ್ತರ" ಎಂದು ಹಾಕಿದೆವು. ಕಳಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಇಷ್ಟು:

"ಮೇಡಂ, ಡ್ರಮ್ ಇಟ್ಟಿದ್ದ ತಂಡ ನಮ್ಮದೇ. ನೀವು ನೀರು ಸುರಿದಾಗ ಅಂಕಿ 42ರಿಂದ 51ಕ್ಕೆ ಹಾರಿತ್ತು. ಮೊದಲಿಗೆ ಒಂದು ತಿದ್ದುಪಡಿ: ಹಿಂದಿನ ಮೇಲಿನಲ್ಲಿ ಎಲ್ಲವನ್ನೂ ನಾನೇ ಮಾಡಿದೆ ಎಂಬಂತೆ ಬರೆದಿದ್ದೆ, ಅದು ತಪ್ಪು. ನಾವು ನಾಲ್ವರು. ಕೋಡ್ ಮತ್ತು ಫೋನಿನ ಪುಟ ನನ್ನ ಕೆಲಸ. ಸರ್ಕ್ಯೂಟ್ ನನ್ನ ಗೆಳತಿಯದು. ರೆಸಿಸ್ಟರ್ ಪ್ರಶ್ನೆಗೆ ಅವರ ಉತ್ತರ ಕೆಳಗಿದೆ, ಅವರ ವಿಳಾಸವನ್ನೂ ಕೊಟ್ಟಿದ್ದೇನೆ. ಅಂಕಿ ಹಾರಿದ್ದಕ್ಕೆ ಕಾರಣ ನಾನು ಸರಾಸರಿ ತೆಗೆದದ್ದು. ಈಗ ಮಧ್ಯಾಂಕ ಬಳಸಿದ್ದೇನೆ, ಒಂದು ಕೆಟ್ಟ ಅಳತೆ ಬಂದರೂ 42 ಉಳಿಯುತ್ತದೆ. ನೀರು ಸೆನ್ಸರಿನ ನೇರಕ್ಕೆ ಬಿದ್ದರೆ ಇನ್ನೂ ತಪ್ಪು ತೋರಿಸುತ್ತದೆ. ಲಿಂಕ್ ಈಗ ತೆರೆಯುತ್ತದೆ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಎರಡನೇ ವರ್ಷದವರನ್ನು ತೆಗೆದುಕೊಳ್ಳುತ್ತೀರಾ ಎಂದು ತಿಳಿಸಿದರೆ ಉಪಕಾರವಾಗುತ್ತದೆ."

ಲಿಂಕನ್ನು ಈ ಸಲ ಗೆಳತಿಯ ಫೋನಿನಲ್ಲಿ, ಲಾಗಿನ್ ಆಗದೆ ತೆರೆದು ನೋಡಿದೆವು. ನೋಡಿದ್ದು ಒಳ್ಳೆಯದಾಯಿತು: ಕೋಡಿನಲ್ಲಿ ಹಾಸ್ಟೆಲಿನ ವೈಫೈ ಪಾಸ್‌ವರ್ಡ್ ಹಾಗೇ ಕೂತಿತ್ತು. ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಉಳಿಯುತ್ತದೆ. ಆದ್ದರಿಂದ ವಾರ್ಡನ್ ಮೇಡಂಗೆ ಹೇಳಿ ಪಾಸ್‌ವರ್ಡನ್ನೇ ಬದಲಾಯಿಸಿದೆವು. ಅದೇ ಕಮಿಟ್‌ಗಳ ಪಟ್ಟಿಯಲ್ಲಿ ಯಾರು ಯಾವ ಫೈಲ್ ಸೇರಿಸಿದರು ಎಂಬುದೂ ಹೆಸರು ಸಮೇತ ಇತ್ತು. ಸರ್ಕ್ಯೂಟಿನ ಚಿತ್ರದ ಮುಂದೆ ಗೆಳತಿಯ ಹೆಸರು. ಮೊದಲ ದಿನವೇ ಲಿಂಕ್ ತೆರೆದಿದ್ದರೆ ನನ್ನ "ನಾನು" ಅಂದೇ ಬಯಲಾಗುತ್ತಿತ್ತು.

ಮರುದಿನವೇ ಉತ್ತರ ಬಂತು. ಎರಡನೇ ವರ್ಷದವರಿಗೆ ಜಾಗವಿಲ್ಲ, ಮೂರನೇ ವರ್ಷದಲ್ಲಿ ಇದೇ ಮೇಲಿಗೆ ಉತ್ತರವಾಗಿ ಮತ್ತೆ ಬರೆಯಿರಿ, ಇಬ್ಬರೂ ಬರೆಯಿರಿ ಎಂದಿದ್ದರು. ಇಂಜಿನಿಯರ್ ಒಂದು ಸಾಲು ಸೇರಿಸಿದ್ದರು: ನೀರು ಬೀಳುವ ಕಡೆ ಸೆನ್ಸರಿನ ಕೆಳಗೆ ಒಂದು ಅಗಲ ಪಿವಿಸಿ ಪೈಪನ್ನು ನೇರವಾಗಿ ಇಳಿಸಿ ನೋಡಿ, ಅದರೊಳಗೆ ಅಲೆ ಕಡಿಮೆ ಇರುತ್ತದೆ. ಮಾಡಿ ನೋಡಿದೆವು. ಪೈಪಿನ ಗೋಡೆಯಿಂದಲೇ ಸದ್ದು ವಾಪಸಾಗಿ ಮೊದಮೊದಲು ಕಾಟ ಕೊಟ್ಟಿತು, ಸೆನ್ಸರನ್ನು ಸರಿಯಾಗಿ ನಡುವಿಗೆ ತಂದ ಮೇಲೆ ಅಂಕಿ ನಿಂತಿತು.

ಈ ವರ್ಷ ಜನವರಿಯಲ್ಲಿ ಆ ಹಳೆಯ ಮೇಲಿನ ಕೆಳಗೇ ಇಬ್ಬರೂ ಬರೆದೆವು. ಪೈಪಿನ ಫೋಟೋ ಕಳಿಸಿದೆವು. ಗೆಳತಿಗೆ ಸಂದರ್ಶನಕ್ಕೆ ಕರೆ ಬಂತು, ಆಯ್ಕೆಯೂ ಆಯಿತು. ಅವರಿಗೆ ಬೇಕಿದ್ದದ್ದು ಸರ್ಕ್ಯೂಟ್ ಮಾಡುವವರು. ನನಗೆ ಬರಲಿಲ್ಲ. ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂದು ನಾನು ಮೊದಲ ಮೇಲಿನ ಹಾದಿಯಲ್ಲೇ ಹೋಗಿದ್ದರೆ ಆ ಕರೆ ನನಗೆ ಬರುತ್ತಿತ್ತೇನೋ. ಸಂದರ್ಶನದಲ್ಲಿ ಸರ್ಕ್ಯೂಟ್ ಮುಂದಿಟ್ಟು ಕೇಳಿದಾಗ ಯಾರಿಗೆ ಫೋನ್ ಮಾಡುತ್ತಿದ್ದೆ?

ಗೆಳತಿ ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಇಂಟರ್ನ್‌ಶಿಪ್‌ಗೆ ಹೊರಡುತ್ತಾಳೆ. ನಾನು ಬೇರೆ ಕಡೆ ಬರೆಯುತ್ತಿದ್ದೇನೆ. ಕಳಿಸುವ ಮೊದಲು ಅವಳಿಗೆ ಓದಲು ಕೊಡುತ್ತೇನೆ. ಅವಳು ಮೊದಲು ಹುಡುಕುವುದು "ನಾನು" ಎಂಬ ಪದವನ್ನು.